ಇಂಪ್ರೆಶನ್ 6400, ವ್ಯೂಸ್ 415, ಸಿಟಿಆರ್ 2.5 ಅಂತೆ. ಲೆಕ್ಕ ತಾಳೆ ಆಗ್ತಾ ಇಲ್ಲ, ಗೊತ್ತಿದ್ದವರು ಸ್ವಲ್ಪ ಹೇಳಿ

ಕಾಪು ಅಡುಗೆಮನೆ
ನಮಸ್ಕಾರ ಎಲ್ರಿಗೂ. ಆಟಿ ತಿಂಗಳು ಶುರುವಾಗುವಾಗ ಅಡುಗೆ ಚಾನೆಲ್ ಮಾಡಿದ್ದೇನೆ, ಇದು ನನ್ನ ಮೊದಲ ಚಾನೆಲ್, ಮಗನೇ ಎಡಿಟ್ ಮಾಡಿ ಕೊಡುವುದು. ಪತ್ರೊಡೆ ವಿಡಿಯೋ ಒಂದು ಹಾಕಿದ್ದೇನೆ, 9 ನಿಮಿಷ 20 ಸೆಕೆಂಡ್ ಉಂಟು. ಈಗ ಯೂಟ್ಯೂಬ್ ಸ್ಟುಡಿಯೋ ತೆಗೆದು ನೋಡಿದ್ರೆ ಇಂಪ್ರೆಶನ್ 6400, ಕ್ಲಿಕ್ ಥ್ರೂ ರೇಟ್ ಅಂದ್ರೆ ಸಿಟಿಆರ್ 2.5 ಪರ್ಸೆಂಟ್, ವ್ಯೂಸ್ 415. ನಾನು ಕ್ಯಾಲ್ಕುಲೇಟರ್ ಹಿಡಿದು ನೋಡಿದೆ, 6400ರ 2.5 ಪರ್ಸೆಂಟ್ ಅಂದ್ರೆ 160 ಅಲ್ವಾ, ಹಾಗಾದ್ರೆ 415 ಎಲ್ಲಿಂದ ಬಂತು? ಮತ್ತೆ ಇನ್ನೊಂದು, ಆವರೇಜ್ ವ್ಯೂ ಡ್ಯೂರೇಶನ್ ಒಂದು ಕಡೆ 1:52 ಅಂತ ಉಂಟು, ರೀಚ್ ಅಂತ ಇರುವ ಕಡೆ ಕೆಳಗೆ ಚಿತ್ರದ ಹಾಗೆ ಬರ್ತದಲ್ಲ ಅಲ್ಲಿ 3:27 ಅಂತ ಉಂಟು. ಒಂದೇ ವಿಡಿಯೋ, ಎರಡೆರಡು ಆವರೇಜ್. ಯಾವುದನ್ನು ನಂಬುವುದು? ಮಂಡೆ ಬಿಸಿ ಆಗಿದೆ.

ಮಲ್ಪೆ ಬೋಟ್ ವ್ಲಾಗ್ಸ್
ಅಕ್ಕ 2.5 ಅಂದ್ರೆ ತುಂಬಾ ಕಡಿಮೆ ಆಯ್ತು. ಸಿಟಿಆರ್ 10ರ ಮೇಲೆ ಬರ್ಲೇಬೇಕು, ಇಲ್ಲಾಂದ್ರೆ ಯೂಟ್ಯೂಬ್ ವಿಡಿಯೋವನ್ನು ಮೂಲೆಗೆ ಹಾಕ್ತದೆ, ಮತ್ತೆ ಯಾರಿಗೂ ತೋರಿಸುದಿಲ್ಲ. ಥಂಬ್‌ನೇಲ್ ಚೇಂಜ್ ಮಾಡಿ, ದಿನಕ್ಕೆ ಎರಡು ಸಲ ಬೇಕಾದ್ರೂ ಮಾಡಿ, 10 ಬರುವವರೆಗೆ ಬಿಡ್ಬೇಡಿ. ನಾನು ನಿಮ್ಮದು ನೋಡಿದೆ, ಕಪ್ಪು ತಟ್ಟೆಯಲ್ಲಿ ಕಪ್ಪು ಹಸಿರು ಪತ್ರೊಡೆ, ಎಂತದು ಅಂತ್ಲೇ ಗೊತ್ತಾಗುದಿಲ್ಲ ಮಾರಾಯ್ರೆ.

ಮೂಡಬಿದ್ರೆ ಮಾವ
6400 ಜನ ನೋಡಿದ್ದಾರಲ್ಲ, ಅದೇ ದೊಡ್ಡದು. ದುಡ್ಡು ಬರ್ಲಿಕ್ಕೆ 4000 ಆದ್ರೆ ಸಾಕು ಅಂತಾರೆ, ನಿಮ್ಮದು ದಾಟಿ ಹೋಯ್ತು. ಅಪ್ಲೈ ಮಾಡಿ ಬಿಡಿ ಅಮ್ಮ.

ಬಿಜೈ ಎಡಿಟಿಂಗ್ ಟೇಬಲ್
ಮಾವ ಒಂದು ನಿಮಿಷ ನಿಲ್ಲಿ 😄 ಆ 4000 ಅಂದ್ರೆ ಗಂಟೆ. ಕಳೆದ 12 ತಿಂಗಳಲ್ಲಿ ಜನ ನಿಮ್ಮ ಪಬ್ಲಿಕ್ ವಿಡಿಯೋಗಳನ್ನು ಒಟ್ಟು 4000 ಗಂಟೆ ನೋಡಿರಬೇಕು, ಜೊತೆಗೆ 1000 ಸಬ್‌ಸ್ಕ್ರೈಬರ್ ಬೇಕು, ಜಾಹೀರಾತಿನ ದುಡ್ಡಿಗೆ. ಅಕ್ಕನ ಈ ವಿಡಿಯೋದ್ದು 415 ವ್ಯೂ ಗುಣಿಸು 1:52, ಸುಮಾರು 13 ಗಂಟೆ ಆಗ್ತದೆ. ಅದಕ್ಕೂ ಈ 6400ಕ್ಕೂ ಸಂಬಂಧವೇ ಇಲ್ಲ.

6400 ಜನ ನೋಡಿದ್ದೂ ಅಲ್ಲ. ಥಂಬ್‌ನೇಲ್ ಸ್ಕ್ರೀನಿನ ಮೇಲೆ 6400 ಸಲ ಕಾಣಿಸಿಕೊಂಡಿದೆ ಅಷ್ಟೆ. ಅದೂ ಅರ್ಧಕ್ಕೆ ಕಡಿಮೆ ಇಲ್ಲದ ಹಾಗೆ ಕಾಣಬೇಕು, ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಇರಬೇಕು, ಆಗ ಒಂದು ಲೆಕ್ಕ. ಒಬ್ಬನೇ ಮನುಷ್ಯ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಯೂಟ್ಯೂಬ್ ತೆಗೆದು ಮೂರು ಸಲವೂ ನಿಮ್ಮ ಪತ್ರೊಡೆ ಮೇಲೆ ಬೆರಳು ಜಾರಿಸಿಕೊಂಡು ಹೋದ್ರೆ ಮೂರು ಇಂಪ್ರೆಶನ್, ವ್ಯೂ ಸೊನ್ನೆ.

ಅಕ್ಕ, ನಿಮ್ಮ ಲೆಕ್ಕ ಸರಿ ಉಂಟು. 160 ಸರಿ. 415 ಕೂಡ ಸರಿ. ಒಂದು ಪ್ರಶ್ನೆ, ವಿಡಿಯೋ ಲಿಂಕ್ ವಾಟ್ಸಾಪಲ್ಲಿ ಎಷ್ಟು ಗ್ರೂಪಿಗೆ ಹಾಕಿದ್ರಿ?

ಕಾಪು ಅಡುಗೆಮನೆ
ಎಲ್ಲಾ ಗ್ರೂಪಿಗೂ ಹಾಕಿದ್ದೇನೆ. ಕುಟುಂಬದ್ದು, ಮಹಿಳಾ ಮಂಡಲದ್ದು, ಮಗನ ಶಾಲೆಯದ್ದು, ಯಜಮಾನ್ರ ದುಬೈ ಫ್ರೆಂಡ್ಸಿಂದು. ತಪ್ಪಾ?

ಬಿಜೈ ಎಡಿಟಿಂಗ್ ಟೇಬಲ್
ತಪ್ಪೇನಿಲ್ಲ, ಲೆಕ್ಕ ತಾಳೆ ಆಗದೆ ಇರ್ಲಿಕ್ಕೆ ಕಾರಣ ಅದು. ಇಂಪ್ರೆಶನ್ ಲೆಕ್ಕ ಆಗುವುದು ಯೂಟ್ಯೂಬ್ ಒಳಗೆ ಥಂಬ್‌ನೇಲ್ ಕಂಡಾಗ, ಅಂದ್ರೆ ಹೋಮ್ ಪೇಜ್, ಸರ್ಚ್, ಇನ್ನೊಂದು ವಿಡಿಯೋದ ಕೆಳಗೆ ಸಜೆಸ್ಟೆಡ್ ಅಂತ ಬರುವುದು, ಸಬ್‌ಸ್ಕ್ರಿಪ್ಶನ್, ಪ್ಲೇಲಿಸ್ಟ್ ಈ ತರದ ಕಡೆ. ವಾಟ್ಸಾಪಲ್ಲಿ ಲಿಂಕಿನ ಜೊತೆ ಸಣ್ಣ ಚಿತ್ರ ಬರ್ತದಲ್ಲ ಅದು ಲೆಕ್ಕಕ್ಕಿಲ್ಲ. ಬೆಲ್ ಒತ್ತಿದವರಿಗೆ ಬರುವ ನೋಟಿಫಿಕೇಶನ್ ಇಲ್ಲ, ವಿಡಿಯೋ ಮುಗಿಯುವಾಗ ಎಂಡ್ ಸ್ಕ್ರೀನಲ್ಲಿ ಬರುವುದೂ ಇಲ್ಲ, ಫೋನಲ್ಲಿ ಆಪ್ ಬಿಟ್ಟು ಬ್ರೌಸರಲ್ಲಿ ಯೂಟ್ಯೂಬ್ ನೋಡಿದ್ರೆ ಅದೂ ಇಲ್ಲ. ಆದ್ರೆ ಇವರೆಲ್ಲ ಬಂದು ವಿಡಿಯೋ ನೋಡಿದ್ರೆ ವ್ಯೂ ಮಾತ್ರ ಬೀಳ್ತದೆ. ಹಾಗಾಗಿ 160 ಜನ ಥಂಬ್‌ನೇಲ್ ನೋಡಿ ಒತ್ತಿದವರು, ಉಳಿದ 255 ಬೇರೆ ಬಾಗಿಲಿಂದ ಬಂದವರು.

ನಿಮ್ಮ ಎರಡು ಆವರೇಜಿನ ಕಥೆಯೂ ಇದೇ. 1:52 ಅಂದ್ರೆ ಎಲ್ಲಾ 415 ವ್ಯೂಗಳ ಸರಾಸರಿ, ಒಟ್ಟು ನೋಡಿದ ಸಮಯವನ್ನು ವ್ಯೂಸಿಂದ ಭಾಗಿಸಿದ್ದು. ರೀಚ್ ಕೆಳಗಿನ ಆ ಚಿತ್ರದಲ್ಲಿ ಇರುವ 3:27 ಇಂಪ್ರೆಶನ್ನಿಂದ ಬಂದ 160ರದ್ದು ಮಾತ್ರ. ಎರಡೂ ನಿಜ, ಆದ್ರೆ ಬೇರೆ ಬೇರೆ ಜನರ ಲೆಕ್ಕ.

ಈಗ ಕಂಪ್ಯೂಟರಲ್ಲಿ ಸ್ಟುಡಿಯೋ ತೆಗೆಯಿರಿ, ವಿಡಿಯೋದ ಅನಲಿಟಿಕ್ಸಿಗೆ ಹೋಗಿ ಅಡ್ವಾನ್ಸ್‌ಡ್ ಮೋಡ್ ಒತ್ತಿ, ಟ್ರಾಫಿಕ್ ಸೋರ್ಸ್ ಅಂತ ಆರಿಸಿ. ಪ್ರತಿ ಸಾಲಿಗೂ ಇಂಪ್ರೆಶನ್, ಸಿಟಿಆರ್, ವ್ಯೂಸ್, ಆವರೇಜ್ ಬೇರೆ ಬೇರೆ ಬರ್ತದೆ. ಅದನ್ನು ಇಲ್ಲಿ ಹಾಕಿ.

ಚೌಕಿಮನೆ
ನನ್ನದೂ ಒಂದು ಉಂಟು. ಯಕ್ಷಗಾನದ ವಿಡಿಯೋ ಹಾಕುವವ ನಾನು, ಒಂದೊಂದು ಮೂರು ಗಂಟೆ ಚಿಲ್ಲರೆ. ಆವರೇಜ್ 14 ನಿಮಿಷ ಬರ್ತದೆ. ಆದ್ರೆ ಪರ್ಸೆಂಟೇಜ್ ಲೆಕ್ಕದಲ್ಲಿ 7 ಅಂತ ತೋರಿಸ್ತದೆ, ನನ್ನ ಭಾವನ ಮಗನ ಕ್ರಿಕೆಟ್ ವಿಡಿಯೋ 4 ನಿಮಿಷದ್ದು, ಅವನಿಗೆ 60 ಪರ್ಸೆಂಟ್, ಮನೆಗೆ ಬಂದಾಗ್ಲೆಲ್ಲ ಅದನ್ನೇ ಹೇಳ್ತಾನೆ. ನಾನು ಯಕ್ಷಗಾನ ತುಂಡು ತುಂಡು ಮಾಡಿ ಹಾಕ್ಬೇಕಾ?

ಮಲ್ಪೆ ಬೋಟ್ ವ್ಲಾಗ್ಸ್
ಭಾಗವತರೆ ತುಂಡು ಮಾಡಿ ಶಾರ್ಟ್ಸ್ ಹಾಕಿ. ನನ್ನ ಬಲೆ ಎಳೆಯುವ ಶಾರ್ಟ್ಸ್ 40 ಸಾವಿರ ಹೋಗಿದೆ. ಸಿಟಿಆರ್ ಗಿಟಿಆರ್ ಕಿರಿಕಿರಿಯೇ ಇಲ್ಲ ಅದರಲ್ಲಿ.

ಬಿಜೈ ಎಡಿಟಿಂಗ್ ಟೇಬಲ್
ಶಾರ್ಟ್ಸ್ ಇಲ್ಲಿಗೆ ತರ್ಬೇಡಿ, ಅದರ ಲೆಕ್ಕವೇ ಬೇರೆ. ಅಲ್ಲಿ ಜನ ಥಂಬ್‌ನೇಲ್ ನೋಡಿ ಆರಿಸುವುದಲ್ಲ, ಫೀಡಲ್ಲಿ ಅದಾಗಿ ಬರ್ತದೆ, ನಿಂತು ನೋಡಿದ್ರಾ ಸ್ವೈಪ್ ಮಾಡಿದ್ರಾ ಅಂತ ನೋಡುವುದು. ಮತ್ತೆ 2025 ಮಾರ್ಚ್ ಕೊನೆಯಿಂದ ಶಾರ್ಟ್ಸ್ ಪ್ಲೇ ಆಗ್ಲಿಕ್ಕೆ ಶುರುವಾದ್ರೆ ಸಾಕು ವ್ಯೂ ಬೀಳ್ತದೆ. ನಿಮ್ಮ 40 ಸಾವಿರವನ್ನು ಅಕ್ಕನ 415ರ ಪಕ್ಕ ಇಡ್ಲಿಕ್ಕೆ ಆಗುದಿಲ್ಲ.

ಚೌಕಿಮನೆಯವರಿಗೆ, ನಿಮ್ಮದು 7 ಪರ್ಸೆಂಟ್ ಆದ್ರೂ ಒಬ್ಬೊಬ್ಬ 14 ನಿಮಿಷ ಕೂತಿದ್ದಾನೆ. ಭಾವನ ಮಗನದ್ದು 60 ಪರ್ಸೆಂಟ್ ಆದ್ರೂ ಎರಡೂವರೆ ನಿಮಿಷ ಮುಟ್ಟುದಿಲ್ಲ. ಇಡೀ ಯಕ್ಷಗಾನವನ್ನು ಒಂದೇ ಕೂರಿಕೆಯಲ್ಲಿ ಫೋನಲ್ಲಿ ನೋಡುವವರು ಎಷ್ಟು ಜನ? ತಮಗೆ ಬೇಕಾದ ಪಾತ್ರ ಪ್ರವೇಶ ಆಗುವ ಜಾಗಕ್ಕೆ ಹಾರಿ, ಅದು ನೋಡಿ ಹೋಗ್ತಾರೆ. ಉದ್ದ ಬೇರೆ ಇರುವ ಎರಡು ವಿಡಿಯೋದ ಪರ್ಸೆಂಟ್ ಹೋಲಿಸಿ ಜಗಳ ಮಾಡ್ಬೇಡಿ, ನಿಮ್ಮದೇ ಇನ್ನೊಂದು ಮೂರು ಗಂಟೆಯ ವಿಡಿಯೋದ ಜೊತೆ ಹೋಲಿಸಿ.

ಕಾಪು ಅಡುಗೆಮನೆ
ಮಗ ಕಾಲೇಜಿಂದ ಬಂದ ಮೇಲೆ ಕೂತು ತೆಗೆದ್ವಿ. ಸಣ್ಣ ಸಣ್ಣದನ್ನೆಲ್ಲ ಅವನೇ ಒಟ್ಟಿಗೆ ಸೇರಿಸಿದ್ದು.

ವಾಟ್ಸಾಪ್ ಮತ್ತೆ ಡೈರೆಕ್ಟ್ ಅಂತ ಬಂದದ್ದು: 230 ವ್ಯೂ, ಸರಾಸರಿ 48 ಸೆಕೆಂಡ್.
ನೋಟಿಫಿಕೇಶನ್ ಇತ್ಯಾದಿ: 25 ವ್ಯೂ, ಒಂದೂವರೆ ನಿಮಿಷ.
ಸರ್ಚ್: ಇಂಪ್ರೆಶನ್ 750, ಸಿಟಿಆರ್ 8, ವ್ಯೂ 60, ಸರಾಸರಿ 4:30.
ಹೋಮ್ ಮತ್ತೆ ಸಜೆಸ್ಟೆಡ್: ಇಂಪ್ರೆಶನ್ 5650, ಸಿಟಿಆರ್ 1.8, ವ್ಯೂ 100, ಸರಾಸರಿ 2:50.

230 ಜನ ನಮ್ಮವರೇ, 48 ಸೆಕೆಂಡ್ ನೋಡಿ "ಸೂಪರ್ ಅಕ್ಕ" ಅಂತ ಹಾಕಿದ್ದು. ನಾದಿನಿ ಅಂತೂ ಪೂರ್ತಿ ನೋಡಿದೆ ಅಂತ ಹೇಳಿದ್ಲು.

ಕುಂದಾಪ್ರದ ಹುಡ್ಗ
ನಾದಿನಿಯನ್ನು ಅನಲಿಟಿಕ್ಸ್ ಹಿಡಿದು ಹಾಕಿತು 😂😂

ಬಿಜೈ ಎಡಿಟಿಂಗ್ ಟೇಬಲ್
ಹೆಸರು ಹೇಳುದಿಲ್ಲ ಅದು, ನಾದಿನಿ ಬಚಾವ್.

ಈಗ ನೋಡಿ ಅಕ್ಕ, ಮಜಾ ಇರುವುದು ಇಲ್ಲಿ. ನೀವು 1:52 ನೋಡಿ ವಿಡಿಯೋ ಚೆನ್ನಾಗಿಲ್ಲ ಅಂತ ತಿಳ್ಕೊಳ್ತಿದ್ರಿ. ಆದ್ರೆ ಪತ್ರೊಡೆ ಮಾಡ್ಲಿಕ್ಕೆ ಬೇಕು ಅಂತ ಹುಡುಕಿ ಬಂದ 60 ಜನ 9:20ರ ವಿಡಿಯೋದಲ್ಲಿ 4:30 ಕೂತಿದ್ದಾರೆ, ಹತ್ರ ಹತ್ರ ಅರ್ಧ. ಹೊಸ ಚಾನೆಲಿಗೆ ಅದು ಏನೂ ಕಡಿಮೆ ಅಲ್ಲ. ಆವರೇಜನ್ನು ಕೆಳಗೆ ಎಳೆದದ್ದು ವಾಟ್ಸಾಪಿನ 230. ಅವರಿಗೆ ಪತ್ರೊಡೆ ಬೇಕಿರ್ಲಿಲ್ಲ, ನಿಮ್ಮ ಮುಖ ಕಂಡ್ರೆ ಸಾಕಿತ್ತು.

ಸಿಟಿಆರ್ ಕೂಡ ಹಾಗೆಯೇ. 2.5 ಅನ್ನುವ ಸಿಟಿಆರ್ ನಿಜಕ್ಕೂ ಯಾರದ್ದೂ ಅಲ್ಲ. ಸರ್ಚಲ್ಲಿ 8, ಹೋಮಲ್ಲಿ 1.8, ಹೋಮಿನ ಇಂಪ್ರೆಶನ್ ಏಳೆಂಟು ಪಟ್ಟು ಜಾಸ್ತಿ ಇರುವುದರಿಂದ ಒಟ್ಟು ಮಾಡುವಾಗ 2.5ಕ್ಕೆ ಬಂದು ನಿಂತದ್ದು. ಸರ್ಚಲ್ಲಿ "ಪತ್ರೊಡೆ" ಅಂತ ಟೈಪ್ ಮಾಡಿದವನಿಗೆ ಪತ್ರೊಡೆ ತೋರಿಸಿದ್ರೆ ಒತ್ತುತ್ತಾನೆ. ಹೋಮಲ್ಲಿ ಅವನು ಸುಮ್ನೆ ಕೂತು ಕೆಳಗೆ ಕೆಳಗೆ ಹೋಗ್ತಿರ್ತಾನೆ, ಕ್ರಿಕೆಟ್ಟಿಗೂ ಸಿನಿಮಾ ಹಾಡಿಗೂ ಮಧ್ಯ ನಿಮ್ಮ ತಟ್ಟೆ ಬರ್ತದೆ.

ಮಲ್ಪೆಯವರ 10ರ ಮಾತು ಬಿಡಿ. ಯೂಟ್ಯೂಬಿನವರೇ ತಮ್ಮ ಹೆಲ್ಪ್ ಪೇಜಲ್ಲಿ ಬರೆದದ್ದು, ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳ ಸಿಟಿಆರ್ 2ರಿಂದ 10ರ ಒಳಗೆ ಇರ್ತದೆ ಅಂತ. 100 ವ್ಯೂಸ್ ಆಗದ ವಿಡಿಯೋ, ವಾರ ಕಳೆಯದ ವಿಡಿಯೋದ್ದು ಇನ್ನೂ ಆಚೆ ಈಚೆ ಕುಣಿತದೆ. ಮೊದಲ ದಿನ 9 ಇದ್ದದ್ದು ಆಮೇಲೆ 4 ಆದ್ರೆ ಹೆದರ್ಬೇಕು ಅಂತಿಲ್ಲ, ಮೊದಲು ನಿಮ್ಮನ್ನು ಗೊತ್ತಿದ್ದವರಿಗೆ ತೋರಿಸ್ತದೆ, ಆಮೇಲೆ ಗೊತ್ತಿಲ್ಲದವರಿಗೆ, ಇಂಪ್ರೆಶನ್ ಏರ್ತಾ ಹೋಗುವಾಗ ಸಿಟಿಆರ್ ಇಳಿಯುವುದು ಸಹಜ. ಇಂಪ್ರೆಶನ್ನೂ ಇಳಿದು ಸಿಟಿಆರೂ ಇಳಿದ್ರೆ ಅದು ಬೇರೆ ವಿಷಯ.

ಮಲ್ಪೆ ಬೋಟ್ ವ್ಲಾಗ್ಸ್
ಅದು ಸರಿ ಇರ್ಬಹುದು, ಆದ್ರೆ ಥಂಬ್‌ನೇಲ್ ಚೆನ್ನಾಗಿಲ್ಲ ಅನ್ನುವುದು ಸುಳ್ಳಾ? ಹೋಮಲ್ಲಿ 1.8 ಬಂದದ್ದು ಮತ್ತೆ ಯಾಕೆ? ನಾನು ಹೇಳುದು ಇಷ್ಟೇ, ಕೆಸುವಿನ ಎಲೆ ಫೋಟೋ ಹಾಕಿ, ಪಕ್ಕದಲ್ಲಿ ಒಬ್ಬ ಗಂಟಲು ಹಿಡ್ಕೊಂಡದ್ದು, ಮೇಲೆ "ಈ ಎಲೆ ತಿಂದ್ರೆ ಆಸ್ಪತ್ರೆಗೆ!!" ಅಂತ ಕೆಂಪಲ್ಲಿ ಬರೀರಿ. ಒಂದೇ ದಿನದಲ್ಲಿ ನೋಡಿ.

ಕಾಪು ಅಡುಗೆಮನೆ
ಅಯ್ಯೋ ಬೇಡ, ನನ್ನ ಅತ್ತೆ ನೋಡಿದ್ರೆ ನನ್ನನ್ನೇ ಆಸ್ಪತ್ರೆಗೆ ಕಳಿಸ್ತಾರೆ.

ಬಿಜೈ ಎಡಿಟಿಂಗ್ ಟೇಬಲ್
ಥಂಬ್‌ನೇಲ್ ಬಗ್ಗೆ ಮಲ್ಪೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ಹೋಗಿ ನೋಡಿದೆ. ಕಪ್ಪು ತಟ್ಟೆ ಒಂದು, ಇನ್ನೊಂದು ಎಂತ ಅಂದ್ರೆ "ಪತ್ರೊಡೆ" ಅಂತ ಬರೆದದ್ದು ಬಲಗಡೆ ಕೆಳಗಿನ ಮೂಲೆಯಲ್ಲಿ. ಯೂಟ್ಯೂಬ್ ವಿಡಿಯೋದ ಉದ್ದ ತೋರಿಸುವುದು ಸರಿಯಾಗಿ ಆ ಮೂಲೆಯಲ್ಲೇ. 9:20 ಅನ್ನುವ ಕಪ್ಪು ಪಟ್ಟಿ "ಡೆ" ಮೇಲೆ ಕೂತು ನಿಮ್ಮದು ಈಗ "ಪತ್ರೊ" ಆಗಿದೆ. ಕಂಪ್ಯೂಟರಲ್ಲಿ ದೊಡ್ಡದಾಗಿ ಎಡಿಟ್ ಮಾಡುವಾಗ ಇದು ಗೊತ್ತಾಗುದಿಲ್ಲ, ಮಗನಿಗೆ ಹೇಳಿ ಫೋನಿಗೆ ಕಳಿಸಿ ಹೆಬ್ಬೆರಳಿನಷ್ಟು ಗಾತ್ರದಲ್ಲಿ ನೋಡ್ಲಿಕ್ಕೆ.

ಆದ್ರೆ ಆ ಆಸ್ಪತ್ರೆಯ ಥಂಬ್‌ನೇಲ್ ಹಾಕಿದ್ರೆ ಸಿಟಿಆರ್ ಏರ್ತದೆ, ಆವರೇಜ್ ಬೀಳ್ತದೆ. ಆಸ್ಪತ್ರೆ ನೋಡ್ಲಿಕ್ಕೆ ಬಂದವನಿಗೆ ಅಕ್ಕ ಅಕ್ಕಿ ನೆನೆಸುವುದು ಕಂಡ್ರೆ 10 ಸೆಕೆಂಡಲ್ಲಿ ವಾಪಸ್. ಹಾಗಾಗಿ ಎರಡನ್ನೂ ಒಟ್ಟಿಗೆ ನೋಡ್ಬೇಕು. ಸಿಟಿಆರ್ ಕಡಿಮೆ, ಆವರೇಜ್ ಒಳ್ಳೆದು ಅಂದ್ರೆ ಕೆಲಸ ಥಂಬ್‌ನೇಲು ಟೈಟಲಲ್ಲಿ ಉಂಟು. ಸಿಟಿಆರ್ ಜಾಸ್ತಿ, ಆವರೇಜ್ ಕಡಿಮೆ ಅಂದ್ರೆ ಥಂಬ್‌ನೇಲ್ ಹೇಳಿದ್ದನ್ನು ವಿಡಿಯೋ ಕೊಟ್ಟಿಲ್ಲ, ಇಲ್ಲ ಕೊಡ್ಲಿಕ್ಕೆ ತಡ ಮಾಡಿದೆ.

ತಡ ಅನ್ನುವಾಗ ನೆನಪಾಯ್ತು. ವಿಡಿಯೋದ ಯಾವ ಜಾಗದಲ್ಲಿ ಎಷ್ಟು ಜನ ನೋಡ್ತಾ ಇದ್ರು ಅಂತ ತೋರಿಸುವ ರಿಟೆನ್ಶನ್ ಗ್ರಾಫ್ ನೋಡಿದ್ರಾ? ಮೊದಲ 55 ಸೆಕೆಂಡ್ ಲೋಗೋ, ನಮಸ್ಕಾರ, ಆಟಿಯ ಮಹತ್ವ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಎಲೆ ಕಾಣುವಾಗ ಒಂದು ನಿಮಿಷ ಹತ್ರ.

ಕಾಪು ಅಡುಗೆಮನೆ
ನೋಡಿದೆ. ಶುರುವಲ್ಲೇ ಜಾರುಬಂಡಿ ಹಾಗೆ ಇಳಿದಿದೆ, ಆದ್ರೆ ನಡುವಲ್ಲಿ ಒಂದು ಕಡೆ ಗುಡ್ಡದ ಹಾಗೆ ಎದ್ದಿದೆ. ಎಲೆ ಮಗುಚಿ ಹಾಕಿ, ನಾರು ತೆಗೆದು, ಹಿಟ್ಟು ಸವರಿ, ಮೇಲೊಂದು ಎಲೆ ಇಟ್ಟು ಎರಡು ಬದಿ ಮಡಚಿ ಸುತ್ತುತ್ತೇನಲ್ಲ, ಅಲ್ಲಿ. ಗ್ರಾಫ್ ಮೇಲೆ ಹೋಗುದು ಹೇಗೆ? ಹೊಸ ಜನ ನಡುವಲ್ಲಿ ಬರ್ತಾರಾ?

ಬಿಜೈ ಎಡಿಟಿಂಗ್ ಟೇಬಲ್
ಕೆಲವರು ನೇರ ಅಲ್ಲಿಗೆ ಹಾರಿ ಬರ್ತಾರೆ, ಕೆಲವರು ಹಿಂದೆ ಹೋಗಿ ಇನ್ನೊಮ್ಮೆ ನೋಡ್ತಾರೆ. ಮಡಚುವುದು ಕೈಕೆಲಸ ಅಲ್ವಾ, ಒಂದು ಸಲಕ್ಕೆ ತಲೆಗೆ ಹೋಗುದಿಲ್ಲ. ಜನರಿಗೆ ಬೇಕಿದ್ದದ್ದು ಅದು ಅಂತ ಗ್ರಾಫೇ ಹೇಳ್ತಾ ಉಂಟು. ಥಂಬ್‌ನೇಲಿಗೆ ಅದೇ ಫ್ರೇಮ್ ತೆಗೀರಿ, ಬಿಳಿ ಹಿಟ್ಟು ಸವರಿದ ಹಸಿರು ಎಲೆ, ನಿಮ್ಮ ಎರಡು ಕೈ. ಶುರುವಿನ ಆ ಮಾತನ್ನು ಸ್ಟುಡಿಯೋದ ಎಡಿಟರಲ್ಲೇ ಟ್ರಿಮ್ ಮಾಡ್ಬಹುದು, ಇನ್ನೊಮ್ಮೆ ಅಪ್‌ಲೋಡ್ ಮಾಡುವುದು ಬೇಡ.

ಮೂಡಬಿದ್ರೆ ಮಾವ
ನಮಸ್ಕಾರ ಹೇಳದೆ ಮನೆಯೊಳಗೆ ಕರೀತಾರಾ ಯಾರಾದ್ರೂ? ನನಗೆ ಅದು ಸರಿ ಕಾಣುದಿಲ್ಲ. ಆಟಿಯ ವಿಷಯ ಹೇಳಿದ್ದು ನನಗೆ ಇಷ್ಟ ಆಗಿತ್ತು.

ಚೌಕಿಮನೆ
ಮಾವ ಹೇಳುದು ಹೌದು. ಪೂರ್ವರಂಗ ಇಲ್ಲದೆ ಎಂತ ಆಟ?

ಬಿಜೈ ಎಡಿಟಿಂಗ್ ಟೇಬಲ್
ನಮಸ್ಕಾರ ಇರ್ಲಿ, ಎಲೆ ಕೈಯಲ್ಲಿ ಹಿಡ್ಕೊಂಡೇ ಹೇಳ್ಲಿ. ಆಟಿಯ ವಿಷಯ ಪತ್ರೊಡೆ ಹಬೆಯಲ್ಲಿ ಬೇಯುವಾಗ ಹೇಳ್ಬಹುದಲ್ಲ, ಆಗ ಹೇಗೂ ತೋರಿಸ್ಲಿಕ್ಕೆ ಬೇರೆ ಎಂತ ಇಲ್ಲ.

ಕಾಪು ಅಡುಗೆಮನೆ
ಥಂಬ್‌ನೇಲ್ ಬದಲಿಸಿ ಒಂದು ವಾರ ಆಯ್ತು. ಟ್ರಿಮ್ ಮಾಡ್ಲಿಲ್ಲ, ಅದರ ಬಗ್ಗೆ ಮನೆಯಲ್ಲಿ ಎರಡು ಪಾರ್ಟಿ ಆಗಿದೆ. ಸಿಟಿಆರ್ 2.5 ಇದ್ದದ್ದು 2.7 ಆಗಿದೆ ಅಷ್ಟೆ. ಇಷ್ಟೆಲ್ಲ ಮಾಡಿ 0.2!

ಬಿಜೈ ಎಡಿಟಿಂಗ್ ಟೇಬಲ್
ಅದು ಮೊದಲಿಂದ ಇವತ್ತಿನವರೆಗಿನ ಒಟ್ಟು. ಹಳೆಯ 6400 ಅದರಲ್ಲೇ ಕೂತಿದೆ. ಮೇಲೆ ದಿನಾಂಕ ಉಂಟಲ್ಲ, ಬದಲಿಸಿದ ಮರುದಿನದಿಂದ ಅಂತ ಮಾತ್ರ ಹಾಕಿ ನೋಡಿ. ಇವತ್ತಿನದ್ದು ನಿನ್ನೆಯದ್ದು ಸರಿಯಾಗಿ ಬಂದಿರುದಿಲ್ಲ, ಒಂದೆರಡು ದಿನ ಹಿಂದೆ ಇರ್ತದೆ.

ಕಾಪು ಅಡುಗೆಮನೆ
ಹಾಗೆ ಹಾಕಿದ್ರೆ ಇಂಪ್ರೆಶನ್ 1100, ಕ್ಲಿಕ್ 42. 3.8 ಬಂತು!! 2.5ರಿಂದ 3.8!

ಮಲ್ಪೆ ಬೋಟ್ ವ್ಲಾಗ್ಸ್
ನೋಡಿದ್ರಾ, ಥಂಬ್‌ನೇಲ್ ಅಂದ್ರೆ ಥಂಬ್‌ನೇಲ್. ನಾನು ಮೊದಲೇ ಹೇಳಿದ್ದೆ.

ಬಿಜೈ ಎಡಿಟಿಂಗ್ ಟೇಬಲ್
ಪಟಾಕಿ ಹೊಡೆಯುವ ಮೊದಲು ಅದನ್ನೂ ಸೋರ್ಸ್ ಪ್ರಕಾರ ಒಡೆದು ನೋಡಿ.

ಕಾಪು ಅಡುಗೆಮನೆ
ಸರ್ಚ್ 300ಕ್ಕೆ 24. ಹೋಮ್ ಸಜೆಸ್ಟೆಡ್ ಸೇರಿ 800ಕ್ಕೆ 18.

ಬಿಜೈ ಎಡಿಟಿಂಗ್ ಟೇಬಲ್
ಅದೇ ಡೌಟ್ ಇತ್ತು ನನಗೆ. ಸರ್ಚಲ್ಲಿ ಮೊದಲೂ 8, ಈಗ್ಲೂ 8, ಎಂತ ಬದಲಾಗಿಲ್ಲ. ಹೋಮಲ್ಲಿ 1.8 ಇದ್ದದ್ದು 2.2, 2.3 ಹತ್ರ ಬಂದಿದೆ. ಹಾಗಾದ್ರೆ ಒಟ್ಟು 3.8ಕ್ಕೆ ಹಾರಿದ್ದು ಹೇಗೆ? ಮೊದಲು ನಿಮ್ಮ ಇಂಪ್ರೆಶನಲ್ಲಿ ಸರ್ಚಿನ ಪಾಲು ನೂರಕ್ಕೆ 12 ಇತ್ತು, ಈಗ 27 ಆಗಿದೆ. ಆಟಿ ಅಲ್ವಾ, ಪತ್ರೊಡೆ ಹುಡುಕುವವರು ಜಾಸ್ತಿ ಆಗಿರ್ಬಹುದು. ಸಿಟಿಆರ್ ಜಾಸ್ತಿ ಇರುವ ಕಡೆಯಿಂದ ಜಾಸ್ತಿ ಜನ ಬಂದ್ರೆ ಥಂಬ್‌ನೇಲ್ ಮುಟ್ಟದಿದ್ರೂ ಒಟ್ಟು ಸಂಖ್ಯೆ ಏರ್ತದೆ. ಆಟಿ ಮುಗಿದ ಮೇಲೆ ಅದೇ ಥಂಬ್‌ನೇಲಲ್ಲಿ 2.5ಕ್ಕೆ ವಾಪಸ್ ಬಂದ್ರೆ ಯಾರಿಗೂ ಬೈಬೇಡಿ.

ಹೋಮಿನ ಏರಿಕೆ ನಿಜವಾ ಅಂದ್ರೆ, 18 ಕ್ಲಿಕ್ಕಲ್ಲಿ ನಾಲ್ಕು ಕಮ್ಮಿ ಆಗಿದ್ರೆ ಹಳೆಯದ್ದೇ ಆಗ್ತಿತ್ತು. ಇಷ್ಟು ಸಣ್ಣ ಸಂಖ್ಯೆಯಲ್ಲಿ ತೀರ್ಮಾನ ಹೇಳ್ಲಿಕ್ಕೆ ಆಗುದಿಲ್ಲ, ಹೋಮಿಂದ ಇನ್ನೂ ನಾಲ್ಕೈದು ಸಾವಿರ ಇಂಪ್ರೆಶನ್ ಆಗ್ಲಿ. ಅಷ್ಟರವರೆಗೆ ಥಂಬ್‌ನೇಲ್ ಮುಟ್ಬೇಡಿ, ದಿನಕ್ಕೆರಡು ಸಲ ಬದಲಿಸಿದ್ರೆ ಯಾವುದರಿಂದ ಎಂತ ಆಯ್ತು ಅಂತ ಯಾವತ್ತೂ ಗೊತ್ತಾಗುದಿಲ್ಲ.

ಮಲ್ಪೆ ಬೋಟ್ ವ್ಲಾಗ್ಸ್
ಯೂಟ್ಯೂಬಲ್ಲೇ ಮೂರು ಥಂಬ್‌ನೇಲ್ ಹಾಕಿ ಟೆಸ್ಟ್ ಮಾಡುವ ಆಪ್ಶನ್ ಉಂಟಲ್ಲ, ಅದು ಹಾಕ್ಲಿ. ಯಾವುದಕ್ಕೆ ಸಿಟಿಆರ್ ಜಾಸ್ತಿ ಅಂತ ಅದೇ ಹೇಳ್ತದೆ.

ಬಿಜೈ ಎಡಿಟಿಂಗ್ ಟೇಬಲ್
ಉಂಟು, ಆದ್ರೆ ಅದು ಸಿಟಿಆರ್ ನೋಡಿ ಗೆಲ್ಲಿಸುವುದಲ್ಲ, ಯಾವ ಥಂಬ್‌ನೇಲಿಂದ ನೋಡುವ ಸಮಯ ಜಾಸ್ತಿ ಬಂತು ಅಂತ ನೋಡುವುದು. ಆಸ್ಪತ್ರೆ ಥಂಬ್‌ನೇಲ್ ಅಲ್ಲಿ ಸೋಲ್ತದೆ ಅಂತ ನನ್ನ ಅಂದಾಜು. ಮತ್ತೆ ಅಕ್ಕನ ಚಾನೆಲಿಗೆ ಈಗ ಬರುವ ಇಂಪ್ರೆಶನ್ನಿಗೆ ಅದು ಫಲಿತಾಂಶ ಕೊಡ್ಲಿಕ್ಕೆ ತುಂಬಾ ದಿನ ಹಿಡಿದೀತು.

ಮಲ್ಪೆ ಬೋಟ್ ವ್ಲಾಗ್ಸ್
ಹಾಕಿ ನೋಡದೆ ಸೋಲ್ತದೆ ಅಂತ ಹೇಗೆ ಹೇಳ್ತೀರಿ? ನಾನು ನನ್ನ ಬಂಗುಡೆ ಪುಳಿಮುಂಚಿ ವಿಡಿಯೋಗೆ ಹಾಕಿಯೇ ಬಿಡ್ತೇನೆ, ಒಂದು ಸಾದಾ, ಒಂದು ಬೊಬ್ಬೆ ಹೊಡೆಯುವುದು. ರಿಸಲ್ಟ್ ಇಲ್ಲೇ ಹಾಕ್ತೇನೆ.

ಕಾಪು ಅಡುಗೆಮನೆ
ನನ್ನದು ಒಂದು ಕೊನೆಯ ಪ್ರಶ್ನೆ. ಮುಂದಿನ ವಿಡಿಯೋ ಹಲಸಿನ ಎಲೆಯ ಕೊಟ್ಟೆ ಕಡುಬು, ಅದನ್ನು ವಾಟ್ಸಾಪಲ್ಲಿ ಹಾಕ್ಲಾ ಬೇಡ್ವಾ?

ಕುಂದಾಪ್ರದ ಹುಡ್ಗ
ಹಾಕ್ಬೇಡಿ ಅಕ್ಕ, 48 ಸೆಕೆಂಡಿನವರು ಬಂದ್ರೆ ಆವರೇಜ್ ಹಾಳು, ಯೂಟ್ಯೂಬ್ ಮತ್ತೆ ಯಾರಿಗೂ ತೋರಿಸುದಿಲ್ಲ.

ಬಿಜೈ ಎಡಿಟಿಂಗ್ ಟೇಬಲ್
ತೋರಿಸುದಿಲ್ಲ ಅಂತ ಅಷ್ಟು ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ, ನಿಮ್ಮ ಪತ್ರೊಡೆಯನ್ನೇ ನೋಡಿ, 230 ಜನ ಬೇಗ ಎದ್ದು ಹೋದ್ರೂ ಸರ್ಚಲ್ಲಿ ಬರ್ತಾ ಉಂಟಲ್ಲ. ನಾನಾದ್ರೆ ನಾಲ್ಕು ಗ್ರೂಪಿಗೆ ಹಾಕುವ ಬದಲು ಮಹಿಳಾ ಮಂಡಲಕ್ಕೆ ಮಾತ್ರ ಹಾಕ್ತಿದ್ದೆ, ಮಾಡಿ ನೋಡುವವರು ಅಲ್ಲಿ ಇರ್ತಾರೆ.

ಕಾಪು ಅಡುಗೆಮನೆ
ದುಬೈ ಗ್ರೂಪಿನವರು ಬೇಜಾರು ಮಾಡ್ಕೊಳ್ತಾರೆ, ಅಲ್ಲಿ ಹಲಸಿನ ಎಲೆ ಸಿಗುದಿಲ್ಲ, ನೋಡಿಯಾದ್ರೂ ಖುಷಿ ಪಡ್ತಾರೆ ಅಂತ ಯಜಮಾನ್ರು ಹೇಳ್ತಾರೆ. ಅದಕ್ಕೆ ಮಾತ್ರ ಹಾಕ್ತೇನೆ, ಮತ್ತೆ ಸೋರ್ಸ್ ಒಡೆದು ನೋಡುವುದು ಹೇಗೂ ಗೊತ್ತಾಯ್ತಲ್ಲ.